ಪಾಳಿ ಚಪ್ಪಲಿ

ಆಸ್ಪತ್ರೆಯ ಎದುರಿಗಿರುವ ಚಪ್ಪಲಿ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸ ಮಾಡುತ್ತಿರುವ ಹೆಂಗಸನ್ನು ಎಲ್ಲರೂ ಪಾದದಕ್ಕ ಅಂತಲೇ ಕರೆಯುವುದು. ಆಕೆಗೂ ಅಪ್ಪ ಅಮ್ಮ ಇಟ್ಟ ಹೆಸರು ಇಲ್ಲದೇನಿಲ್ಲ, ಆದರೆ ಅದು ರೇಷನ್ ಕಾರ್ಡಿನಲ್ಲಿ ಬೆಚ್ಚಗೆ ಮಲಗಿದೆ. ಮುಖ ನೋಡಿ ಗಿರಾಕಿಯ ಗುರುತು ಹಿಡಿಯದ ಆಕೆ, ಕಾಲು ನೋಡಿದ ಕೂಡಲೇ "ಏನು ಸರ್, ಹೋದ ಸಲ ಎಡಗಾಲ ಹೆಬ್ಬೆರಳು ಒತ್ತುತ್ತೆ ಅಂದಿದ್ರಲ್ಲ, ಈಗ ಹೇಗಿದೆ" ಅಂತ ವಿಚಾರಿಸುತ್ತಾಳೆ. ಅಂಥವಳಿಗೆ ಇನ್ನೇನು ಹೆಸರು ಇಡುತ್ತೀರಿ!

ಆಕೆಯ ಕೆಲಸದ ರೀತಿಯೇ ಬೇರೆ. ಬೇರೆ ಅಂಗಡಿಯವರು ಗಿರಾಕಿ ಒಳಗೆ ಬಂದ ತಕ್ಷಣ ಹೊಸ ಚಪ್ಪಲಿ ಕೆಳಗಿಳಿಸುತ್ತಾರೆ. ಈಕೆ ಹಳೆಯದನ್ನು ಬಿಚ್ಚಿಸುತ್ತಾಳೆ. ಬಿಚ್ಚಿಸಿ, ಎರಡನ್ನೂ ಮಗುಚಿ ಹಾಕಿ, ತಳ ಎಲ್ಲಿ ಸವೆದಿದೆ ಅಂತ ಬೆರಳಾಡಿಸಿ ನೋಡುತ್ತಾಳೆ. ಹಿಮ್ಮಡಿಯ ಹಿಂತುದಿ ಹೊರಗಡೆಗೆ ಒಂಚೂರು ಸವೆದಿದ್ದರೆ ಅದು ಎಲ್ಲರದೂ ಹಾಗೇ, ಚಿಂತೆಯಿಲ್ಲ. ಒಳ ಅಂಚು ಉದ್ದಕ್ಕೂ ಸವೆದಿದ್ದರೆ ಅಂಗಾಲಿನ ಕಮಾನು ಕುಸಿದು ಪಾದ ಒಳಕ್ಕೆ ವಾಲುತ್ತಿದೆ ಅಂತ ಅರ್ಥ. ಅವರಿಗೆ ಒಳಬದಿ ಗಟ್ಟಿಯಾಗಿ ಎತ್ತರಿಸಿದ ಸ್ಯಾಂಡಲ್ ಬೇಕು. ಹೊರ ಅಂಚು ಉದ್ದಕ್ಕೂ ಸವೆದಿದ್ದರೆ ಕಮಾನು ಎತ್ತರದ್ದು, ಪಾದ ಹೊರಕ್ಕೆ ಹೊರಳುತ್ತಿದೆ. ಅವರಿಗೆ ಆ ಗಟ್ಟಿ ಎತ್ತರ ಕೊಟ್ಟರೆ ಇನ್ನಷ್ಟು ಹೊರಕ್ಕೆ ತಳ್ಳಿದ ಹಾಗೆ, ಮೆತ್ತನೆ ಹಿಮ್ಮಡಿಯೂ ಅಂಗಾಲಿನ ಜೊತೆಗೇ ಬಾಗುವ ಆಸರೆಯೂ ಬೇಕು. ಇದನ್ನೆಲ್ಲ ಆಕೆಗೆ ಯಾವ ಶಾಲೆಯೂ ಹೇಳಿಕೊಟ್ಟದ್ದಲ್ಲ. ಇಪ್ಪತ್ತೆರಡು ವರ್ಷ ಜನರ ಕಾಲ ಬುಡದಲ್ಲಿ ಮೊಣಕಾಲೂರಿ ಕೂತು ಕಲಿತದ್ದು.

ಈಚೆಗೆ ಅಂಗಡಿ ನೋಡಿಕೊಳ್ಳುವುದು ಯಜಮಾನರ ಅಳಿಯ. ಆತ ಬಂದ ತಿಂಗಳಲ್ಲೇ ಕನ್ನಡಿಯ ಮುಂದೆ ದಪ್ಪನೆ ರತ್ನಗಂಬಳಿ ಹಾಸಿಸಿದ. ಅದರ ಮೇಲೆ ನಿಂತರೆ ಕಾಲಿಗೆ ಹಲಗೆ ಕಟ್ಟಿಕೊಂಡರೂ ಹಾಯೆನಿಸುತ್ತದೆ, ಇನ್ನು ಚಪ್ಪಲಿಯ ಮಾತೇನು! ಪಾದದಕ್ಕ ಮಾತ್ರ ಗಿರಾಕಿಗಳ ಕೈ ಹಿಡಿದು ಗಂಬಳಿಯಿಂದಾಚೆ ಬರೀ ನೆಲಕ್ಕೆ ಕರೆದುಕೊಂಡು ಹೋಗಿ, ಇಲ್ಲಿ ನಡೆಯಿರಿ, ನೀವು ಮನೆಯಿಂದ ಬಸ್‌ಸ್ಟಾಪಿನವರೆಗೆ ಗಂಬಳಿ ಹಾಸಿಕೊಂಡು ಹೋಗುತ್ತೀರಾ ಅನ್ನುತ್ತಿದ್ದಳು. ಅಳಿಯನಿಗೆ ಅದು ಕಣ್ಣಿಗೆ ಬಿದ್ದರೂ ನುಂಗಿಕೊಂಡಿದ್ದ, ಯಾಕೆಂದರೆ ಆಕೆ ಮಾರಿದ ಜೋಡು ವಾಪಸು ಬಂದದ್ದೇ ಇಲ್ಲ.

ಈ ಪಾದದಕ್ಕನ ಗಂಡನ ತಂಗಿ ಎದುರಿನ ಆಸ್ಪತ್ರೆಯಲ್ಲಿ ಆಯಾ. ಹನ್ನೊಂದು ವರ್ಷದಿಂದ ವಾರ್ಡು ಒರೆಸುವುದು, ಹಾಸಿಗೆ ಬದಲಿಸುವುದು, ರೋಗಿಗಳನ್ನು ಗಾಡಿಯಲ್ಲಿ ತಳ್ಳುವುದು ಅವಳ ಕೆಲಸ. ನಾದಿನಿ ಅಂದರೆ ಹೆಸರಿಗೆ ನಾದಿನಿ, ಪಾದದಕ್ಕನಿಗೆ ಮಗಳಿದ್ದ ಹಾಗೆ. ಎರಡು ಮನೆಗೂ ನಡುವೆ ಒಂದೇ ಗೋಡೆ. ಹೊಟ್ಟೆನೋವಾದರೂ ಬಾಯಿ ಬಿಡದ ಜಾತಿಯವಳು ಆ ಹುಡುಗಿ, ನಲವತ್ತಾದರೂ ಅತ್ತಿಗೆಗೆ ಇನ್ನೂ ಹುಡುಗಿಯೇ. ಅಂಥವಳು ಒಂದು ಬೆಳಿಗ್ಗೆ ಹಾಸಿಗೆಯಿಂದ ಇಳಿದು ಗೋಡೆ ಹಿಡಿದುಕೊಂಡು ನಿಂತದ್ದನ್ನು ಪಾದದಕ್ಕ ಕಂಡಳು. ಕೇಳಿದರೆ, ಏನಿಲ್ಲ ಅತ್ತಿಗೆ, ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಗೆ ಮೊಳೆ ಹೊಡೆದಂಗಾಗುತ್ತೆ, ಆಮೇಲೆ ಸರಿಹೋಗುತ್ತೆ ಅಂದಳು. ಎಷ್ಟು ದಿನದಿಂದ ಅಂದರೆ ಎಂಟು ತಿಂಗಳಂತೆ!

ಪಾದದಕ್ಕನ ಪಿತ್ತ ನೆತ್ತಿಗೇರಿತು. ಊರಿನವರ ಕಾಲಿಗೆಲ್ಲ ತಾನು ಚಪ್ಪಲಿ ನೋಡಿ ಕೊಡುತ್ತಿರುವಾಗ ಪಕ್ಕದ ಗೋಡೆಯಾಚೆ ಇವಳು ಕುಂಟುತ್ತಿದ್ದಾಳಲ್ಲ! ಅದರ ಮೇಲೆ ಇನ್ನೊಂದು ವಿಷಯವೂ ಹೊರಬಿತ್ತು. ಗಾಡಿ ತಳ್ಳುವಾಗ ಹಿಂದೆ ಬೀಳುತ್ತಾಳೆ ಅಂತ ಉಗ್ರಾಣದವನು ಎರಡು ಸಲ ಬರೆದುಕೊಂಡಿದ್ದಾನಂತೆ. ಮೂರನೆಯ ಸಲ ಬರೆದರೆ ಕೆಲಸದಿಂದ ತೆಗೆಯುತ್ತಾರಂತೆ. ಆಸ್ಪತ್ರೆಯ ಸಾಮಾನಷ್ಟೇ ಅಲ್ಲ, ಆಯಾಗಳ ಹಾಜರಿಯೂ ಆ ಉಗ್ರಾಣದವನ ಕೈಯಲ್ಲೇ ಇತ್ತು. ಕಾಲು ಸರಿಹೋಗದಿದ್ದರೆ ಅನ್ನ ಹೋಗುತ್ತದೆ, ವಿಷಯ ಇಷ್ಟೇ. ಕೆಲಸದ ಹೊತ್ತಿನಲ್ಲಿ ಹಾಕುವ ಚಪ್ಪಲಿ ನಾಳೆ ತೆಗೆದುಕೊಂಡು ಬಾ, ನೋಡೋಣ ಅಂದಳು ಪಾದದಕ್ಕ.

ಮಾರನೆಯ ದಿನ ನಾದಿನಿ ಒಂದು ಕವರಿನಲ್ಲಿ ಸುತ್ತಿ ತಂದಳು. ನೀಲಿ ಫೋಮ್ ಚಪ್ಪಲಿ, ಏಳನೇ ನಂಬರು. ಆ ಹೊತ್ತಿಗೆ ಅಂಗಡಿಯಲ್ಲಿ ಮೂರು ಜನ ಗಿರಾಕಿಗಳು, ಅಳಿಯ ಬೇರೆ ಕೂಗುತ್ತಿದ್ದ. ಪಾದದಕ್ಕ ಚಪ್ಪಲಿ ಮಗುಚಿದಳು, ಒಳ ಅಂಚು ಸವೆದದ್ದು ಕಂಡಿತು. ಓಹೋ, ಕಮಾನು ಕುಸಿದಿದೆ, ಅದಕ್ಕೇ ಈ ನೋವು ಅಂತ ತೀರ್ಮಾನ ಮಾಡಿಯೇಬಿಟ್ಟಳು. ಒಳಬದಿ ಗಟ್ಟಿಯಾಗಿ ಎತ್ತರಿಸಿದ ಒಂದು ಒಳ್ಳೆಯ ಸ್ಯಾಂಡಲ್ ತೆಗೆದು, ಮನೆಯಲ್ಲಿ, ರಸ್ತೆಯಲ್ಲಿ ಎಲ್ಲ ಕಡೆ ಇದನ್ನೇ ಹಾಕು, ಮೊದಮೊದಲು ಒತ್ತಿದ ಹಾಗಾಗುತ್ತೆ, ಹೆದರಬೇಡ ಅಂತ ಕೊಟ್ಟು ಕಳಿಸಿದಳು. ನೀಲಿ ಜೋಡು ಅಂಗಡಿಯ ಮೂಲೆಯಲ್ಲೇ ಉಳಿಯಿತು.

ಎರಡು ವಾರ ಕಳೆದವು. ನಾದಿನಿ ಚೆನ್ನಾಗಿದೆ ಅತ್ತಿಗೆ ಅನ್ನುತ್ತಲೇ ಇದ್ದಳು. ಒಂದು ಸಂಜೆ ಅವಳು ನೀರಿನ ಕೊಡ ಇಳಿಸುವಾಗ ಕಣಕಾಲು ನೋಡಿದರೆ, ಹೊರಮಗ್ಗುಲು ಬದನೆಕಾಯಿಯ ಹಾಗೆ ಊದಿಕೊಂಡಿದೆ. ಪಾದದಕ್ಕ ಬಚ್ಚಲಿನಿಂದ ನೀರು ತಂದು, ಅವಳ ಪಾದ ಒದ್ದೆ ಮಾಡಿ, ಒಣಗಿದ ಕಲ್ಲು ಚಪ್ಪಡಿಯ ಮೇಲೆ ಹೆಜ್ಜೆ ಊರಿಸಿದಳು. ಕುಸಿದ ಪಾದವಾದರೆ ಪೂರ್ತಿ ಗುರುತು ಮೂಡಬೇಕು. ಇಲ್ಲಿ ಮೂಡಿದ್ದು ಮುಂಗಾಲು, ಹಿಮ್ಮಡಿ, ನಡುವೆ ಹೊರಗಡೆ ಒಂದು ತೆಳುವಾದ ಪಟ್ಟಿ. ಎತ್ತರದ ಕಮಾನು! ಅಂದರೆ ತಾನು ಕೊಟ್ಟದ್ದು ತದ್ವಿರುದ್ಧದ ಮದ್ದು. ಹೊರಕ್ಕೆ ಹೊರಳುವ ಕಾಲನ್ನು ಎರಡು ವಾರ ಇನ್ನಷ್ಟು ಹೊರಕ್ಕೆ ತಳ್ಳಿದ್ದೇನೆ ಅಂತ ಆಕೆಗೆ ಅಳುವೇ ಬಂದಂತಾಯಿತು.

ಇಪ್ಪತ್ತೆರಡು ವರ್ಷದಲ್ಲಿ ಹಳೆಯ ತಳ ಆಕೆಗೆ ಒಮ್ಮೆಯೂ ಸುಳ್ಳು ಹೇಳಿರಲಿಲ್ಲ. ಬೆಳಗಾಗುತ್ತಲೇ ಅಂಗಡಿಗೆ ಹೋಗಿ ಮೂಲೆಯಲ್ಲಿದ್ದ ನೀಲಿ ಜೋಡನ್ನು ಬೆಳಕಿಗೆ ಹಿಡಿದು ನೋಡಿದಳು. ಈ ಸಲ ಅವಸರವಿಲ್ಲದೆ ನೋಡಿದಳು. ಒಳ ಅಂಚು ಸವೆದಿದೆ, ಸರಿ. ಹೊರ ಅಂಚೂ ಸವೆದಿದೆಯಲ್ಲ! ಒಂದೇ ಕಾಲು ಒಳಕ್ಕೂ ವಾಲಿ ಹೊರಕ್ಕೂ ವಾಲುವುದು ಹೇಗೆ? ಮೇಲ್ಗಡೆ ತಿರುಗಿಸಿದಳು. ಕಾಲಿಡುವ ಜಾಗದಲ್ಲಿ ಹೆಬ್ಬೆರಳು ಒತ್ತಿದ ಗುಳಿ ಒಂದಿರಬೇಕು, ಇಲ್ಲಿ ಮೂರಿವೆ. ಒಂದು ತುದಿಯಲ್ಲಿ, ಒಂದು ಅರ್ಧ ಬೆರಳು ಹಿಂದೆ, ಇನ್ನೊಂದು ಅದಕ್ಕಿಂತಲೂ ಹಿಂದೆ.

ನಾದಿನಿಯನ್ನು ಕರೆಸಿ, ಈ ಚಪ್ಪಲಿ ಯಾರದ್ದೇ ಅಂತ ಕೇಳಿದಳು.

"ನಂದಲ್ಲ ಅತ್ತಿಗೆ, ಪಾಳಿದು," ಅಂದಳು ಆಕೆ, ಬಹಳ ಸಾಧಾರಣವಾಗಿ. "ನೀವು ಕೆಲಸದ ಚಪ್ಪಲಿ ತಾ ಅಂದ್ರಿ, ಹೋದ ವರ್ಷದ್ದು ಒಂದು ಜೊತೆ ತಂದೆ."

ಕೆದಕಿದಂತೆ ವಿಷಯ ಬಿಚ್ಚಿಕೊಂಡಿತು. ಹೊರಗಿನ ಚಪ್ಪಲಿ ವಾರ್ಡಿನೊಳಗೆ ತರುವಂತಿಲ್ಲ, ಅದು ನಿಯಮ, ಒಪ್ಪಿಕೊಳ್ಳೋಣ. ಒಳಗೆ ಹಾಕಲು ಆಸ್ಪತ್ರೆಯೇ ಚಪ್ಪಲಿ ಕೊಡುತ್ತದೆ. ಒಂದು ಪಾಳಿಗೆ ಹದಿನಾಲ್ಕು ಆಯಾಗಳು, ಆದ್ದರಿಂದ ಹದಿನಾಲ್ಕು ಜೊತೆ. ಬೆಳಗಿನವರು ಬಿಟ್ಟದ್ದನ್ನು ಮಧ್ಯಾಹ್ನದವರು ಹಾಕಬೇಕು, ಮಧ್ಯಾಹ್ನದವರು ಬಿಟ್ಟದ್ದನ್ನು ರಾತ್ರಿಯವರು. ನಲವತ್ತೆರಡು ಹೆಂಗಸರಿಗೆ ಹದಿನಾಲ್ಕು ಜೊತೆ! ಚಪ್ಪಲಿ ಆರುವುದಕ್ಕೂ ಪುರುಸೊತ್ತಿಲ್ಲ; ಒಬ್ಬಳ ಬೆವರಿನ ಮೇಲೆ ಇನ್ನೊಬ್ಬಳ ಕಾಲು. ನಂಬರು ಎಲ್ಲಕ್ಕೂ ಏಳು, ದೊಡ್ಡದಿದ್ದರೆ ಎಲ್ಲರಿಗೂ ಆಗುತ್ತದೆ ಅಂತ. ದಿನಕ್ಕೆ ಇಪ್ಪತ್ತನಾಲ್ಕು ಗಂಟೆ ದುಡಿದ ಫೋಮು ಮೂರು ವಾರಕ್ಕೇ ಅಪ್ಪಚ್ಚಿಯಾಗಿ, ತಳದ ಗೆರೆ ಅಳಿಸಿ, ಒದ್ದೆ ನೆಲದ ಮೇಲೆ ಸೋಪಿನ ತುಂಡಿನ ಹಾಗೆ ಜಾರುತ್ತಿತ್ತಂತೆ. ಹೊಸ ಜೋಡು ಬರುವುದು ವರ್ಷಕ್ಕೊಮ್ಮೆ. ಇದನ್ನೆಲ್ಲ ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂದರೆ, ಹೇಳುವಂಥದ್ದು ಏನಿದೆ ಅತ್ತಿಗೆ, ಎಲ್ಲರಿಗೂ ಹಾಗೇ ತಾನೆ ಅಂದಳು. ಆ ಮಾತಿಗೆ ಪಾದದಕ್ಕನ ಮೈಯೆಲ್ಲ ಉರಿಯಿತು. ಬೈಯಬೇಕಾದದ್ದು ಇವಳನ್ನಲ್ಲ ಅಂತ ಗೊತ್ತಿದ್ದರೂ ಮೊದಲು ಸಿಕ್ಕವಳು ಇವಳೇ ಆದ್ದರಿಂದ ನಾಲ್ಕು ಮಾತು ಇವಳ ಮೇಲೇ ಹಾರಿದವು.

ಅದೇ ವಾರ ಉಗ್ರಾಣದವನು ವರ್ಷದ ಖರೀದಿಗೆ ಅಂಗಡಿಗೆ ಬಂದ; ಇಷ್ಟು ವರ್ಷ ಪೇಟೆಯಲ್ಲಿ ಕೊಳ್ಳುತ್ತಿದ್ದವನನ್ನು ಈ ಸಲ ಅಳಿಯನೇ ಕರೆಸಿದ್ದ. ಜೊತೆಗೆ ಆಸ್ಪತ್ರೆಯ ದೊಡ್ಡ ಸಿಸ್ಟರು. ಇಂಥ ಖರೀದಿಗೆ ಇಬ್ಬರ ಸಹಿ ಬೇಕು, ಅದಕ್ಕೇ ಬರುವುದು; ಪಾಪ, ಆಕೆ ಯಾವ ಅಂಗಡಿಗೆ ಹೋದರೂ ಸ್ಟೂಲಿನ ಮೇಲೆ ಕೂತು, ತೋರಿಸಿದ ಕಡೆ ಸಹಿ ಹಾಕಿ ಹೋಗುತ್ತಿದ್ದರು. ಅಳಿಯ ಎದ್ದು ನಿಂತು ಬರಮಾಡಿಕೊಂಡ. ಹೊಸದಾಗಿ ಬಂದ ದಪ್ಪ ಫೋಮಿನ ಜೋಡು ತೆಗೆದು ಗಂಬಳಿಯ ಮೇಲೆ ಇಟ್ಟ. ಉಗ್ರಾಣದವನು ತನ್ನ ಚರ್ಮದ ಬೂಟು ಬಿಚ್ಚಿ, ಅದನ್ನು ಮೆಟ್ಟಿ, ಗಂಬಳಿಯ ಮೇಲೆ ಐದು ಹೆಜ್ಜೆ ಹೋಗಿ ಐದು ಹೆಜ್ಜೆ ಬಂದು, ಹತ್ತಿ ಇದ್ದಂಗಿದೆ ಅಂತ ಬಿಚ್ಚಿಟ್ಟ. ಏಳನೇ ನಂಬರು, ಹದಿನಾಲ್ಕು ಜೊತೆ ಕಟ್ಟಿ ಅಂದ. ಮುಗಿಯಿತು! ನಲವತ್ತೆರಡು ಜನರ ಒಂದು ವರ್ಷದ ಕಾಲು ಹತ್ತು ಹೆಜ್ಜೆಯಲ್ಲಿ ತೀರ್ಮಾನವಾಯಿತು, ಅದೂ ಗಂಬಳಿಯ ಮೇಲೆ.

ಪಾದದಕ್ಕ ಎದ್ದು ಬಂದಳು. ಮೊದಲಿಗೆ ಮರ್ಯಾದೆಯಿಂದಲೇ ಹೇಳಿದಳು. ಆ ಫೋಮಿನ ಹಿಮ್ಮಡಿಯನ್ನು ಹೆಬ್ಬೆರಳಿನಿಂದ ಒತ್ತಿ, ನೋಡಿ ಸರ್, ಬೆರಳು ತಳ ಮುಟ್ಟುತ್ತೆ, ಇದು ನಿಲ್ಲುವವರ ಭಾರ ತಡೆಯೋದಿಲ್ಲ ಅಂದಳು. ಮಡಿಸಿ ತೋರಿಸಿ, ಚಪ್ಪಲಿ ಬೆರಳುಗಳ ಬುಡದಲ್ಲಿ ಬಾಗಬೇಕು, ಇದು ನಡುವೆಯೇ ಮುರಿದ ಹಾಗೆ ಮಡಚಿಕೊಳ್ಳುತ್ತೆ, ಅಂಗಾಲಿಗೆ ಆಸರೆಯೇ ಇಲ್ಲ ಅಂದಳು. ಪಟ್ಟಿ ರೆಕ್ಸಿನ್ನಿನದು, ನೀರು ಬಿದ್ದರೆ ಸುಲಿದು ಅಂಚು ಚರ್ಮ ಕೊಯ್ಯುತ್ತೆ. ಚರ್ಮದ ಪಟ್ಟಿಯೂ ವಾರ್ಡಿಗೆ ಆಗಿಬರೋದಿಲ್ಲ, ಫಿನೈಲ್ ನೀರಿಗೆ ನೆನೆದು ಒಣಗಿ ಸೆಟೆದುಕೊಳ್ಳುತ್ತೆ. ಒಳಗೆ ಮೆತ್ತನೆ ಬಟ್ಟೆ ಕೊಟ್ಟ ನೈಲಾನ್ ಪಟ್ಟಿ ಬೇಕು, ಬೇಗ ಆರುತ್ತೆ, ಊದಿದ ಕಾಲಿಗೆ ಸಡಿಲ ಮಾಡಿಕೊಳ್ಳಬಹುದು. ಹಿಂದೆ ಹಿಡಿಯೋ ಪಟ್ಟಿ ಇರಬೇಕು. ತಳ ಆಳವಾದ ಗೆರೆಯ ರಬ್ಬರಿನದಾಗಿರಬೇಕು. ಒಂದೊಂದನ್ನೂ ಷೆಲ್ಫಿನಿಂದ ತೆಗೆದು ಮುಂದಿಟ್ಟಳು. ಕೊನೆಗೆ, ಯಾರಿಗೆ ಯಾವುದು ಅಂತ ಅವರವರ ಕಾಲು ನೋಡದೆ ಹೇಳಲಾಗದು ಸರ್, ಒಬ್ಬೊಬ್ಬರಿಗೂ ಒಂದೊಂದು ಜೊತೆ ಬೇಕು ಅಂದಳು.

ಉಗ್ರಾಣದವನು ನಕ್ಕ. ಅಮ್ಮ, ವಾರ್ಡಿನ ಸಾಮಾನಿನ ಪಟ್ಟಿಯಲ್ಲಿ ಬಕೆಟ್ಟು, ಒರೆಸುವ ಕೋಲು, ಚಪ್ಪಲಿ ಮೂರೂ ಒಂದರ ಕೆಳಗೊಂದು ಬರುತ್ತೆ, ಬಕೆಟ್ಟು ಆಯಾಗೊಂದು ಕೊಡ್ತೀವಾ ಅಂದ. ಅಳಿಯ ಹಿಂದಿನಿಂದ ಕಣ್ಣು ಕೆಕ್ಕರಿಸಿ, ಅಕ್ಕ, ನೀವು ಒಳಗೆ ಹೋಗಿ ಸ್ಟಾಕ್ ಜೋಡಿಸಿ ಅಂದ.

ಪಾದದಕ್ಕ ಒಳಗೆ ಹೋದಳು. ಸ್ಟಾಕ್ ಜೋಡಿಸಲಿಕ್ಕಲ್ಲ. ಆ ನೀಲಿ ಪಾಳಿ ಚಪ್ಪಲಿಯನ್ನು ತಂದು, ಬರಿಗಾಲಲ್ಲಿ ನಿಂತಿದ್ದ ಉಗ್ರಾಣದವನ ಮುಂದೆ, ಗಂಬಳಿ ಬಿಟ್ಟು ಬರೀ ನೆಲದ ಮೇಲೆ ಇಟ್ಟಳು.

"ಇದನ್ನ ಹಾಕ್ಕೊಂಡು ಬಾಗಿಲವರೆಗೆ ಹೋಗಿ ಬನ್ನಿ ಸರ್. ನಿಮ್ಮ ಆಸ್ಪತ್ರೆದೇ."

ಆತ ಕಾಲು ಹಿಂದಕ್ಕೆ ಎಳೆದುಕೊಂಡ. "ಯಾರ್ಯಾರು ಹಾಕಿದ್ದೋ ಏನೋ! ಚರ್ಮದ ಕಾಯಿಲೆ ಹತ್ತಿಕೊಂಡ್ರೆ?"

ಅಂಗಡಿಯಲ್ಲಿದ್ದವರೆಲ್ಲ ಇತ್ತ ತಿರುಗಿದರು. ಮಾತಾಡಿದವರು ದೊಡ್ಡ ಸಿಸ್ಟರು. ಇಷ್ಟು ಹೊತ್ತು ಸ್ಟೂಲಿನ ಮೇಲೆ ತಮ್ಮ ಪಾಡಿಗೆ ಕೂತಿದ್ದ ಆಕೆ ಎದ್ದು ಬಂದು, ನೀಲಿ ಚಪ್ಪಲಿಯನ್ನು ಕೈಗೆತ್ತಿಕೊಂಡರು. ಪಾದದಕ್ಕ ಬೆರಳಿಟ್ಟು ಮೂರು ಗುಳಿ ತೋರಿಸಿದಳು.

"ಏನಂದ್ರಿ ಈಗ?" ಅಂದರು ಸಿಸ್ಟರು ಉಗ್ರಾಣದವನಿಗೆ. "ಕಾಯಿಲೆ ಹತ್ತುತ್ತೆ ಅಂತ ನಿಮಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಕೈಲಿ ಪ್ರತಿ ವರ್ಷ ಸಹಿ ಹಾಕಿಸಿದ್ರಿ. ಇವತ್ತು ಹಾಕಲ್ಲ."

ಆತ ಬೂಟು ಮೆಟ್ಟಿ, ಲೇಸು ಕಟ್ಟದೆಯೇ ಹೊರಟುಹೋದ. ಅಳಿಯ ತಲೆಯ ಮೇಲೆ ಕೈ ಹೊತ್ತು ಕೂತ. ನಾಳೆಯಿಂದ ಬರಬೇಡಿ ಅಂತ ಪಾದದಕ್ಕನಿಗೆ ಅಂದ, ಸಂಜೆ ಬಾಗಿಲು ಹಾಕುವ ಹೊತ್ತಿಗೆ ಅದನ್ನು ವಾಪಸು ತೆಗೆದುಕೊಂಡ. ಆಕೆ ಮರುದಿನ ಎಂದಿನಂತೆ ಬಂದಳು, ಅಳಿಯನ ಜೊತೆ ಮಾತು ಬಿಟ್ಟಿದ್ದಳು ಅಷ್ಟೇ.

ಮುಂದೆ ನಡೆದದ್ದನ್ನು ನೆನೆದರೆ ಇವತ್ತಿಗೂ ಆಕೆಗೆ ಸಿಟ್ಟು ಬರುತ್ತದೆ. ದೊಡ್ಡ ಸಿಸ್ಟರು ಮೇಲಿನವರಿಗೆ ಒಂದು ಹಾಳೆ ಬರೆದರು. ಮೊದಲ ಪ್ಯಾರಾದಲ್ಲಿ ಆಯಾಗಳಿಗೆ ಕಾಲುನೋವು ಅಂತ ಇತ್ತಂತೆ, ಅದನ್ನು ಯಾರೂ ಮೂಸಿಯೂ ನೋಡಲಿಲ್ಲ. ಎರಡನೆಯ ಪ್ಯಾರಾದಲ್ಲಿ ಹಂಚಿಕೊಂಡ ಚಪ್ಪಲಿಯಿಂದ ಹುಳಕಡ್ಡಿ ಹರಡಿ ರೋಗಿಗಳಿಗೂ ತಗುಲಬಹುದು ಅಂತ ಇತ್ತು. ಅದನ್ನು ಓದಿ ಎಲ್ಲರೂ ಎದ್ದು ಕೂತರು. ನಲವತ್ತೆರಡು ಜನರ ಕಾಲುನೋವಿಗೆ ಇಲ್ಲದ ಬೆಲೆ ಒಂದು ಕಜ್ಜಿಗೆ ಬಂತು! ಬರಲಿ, ಹೇಗಾದರೂ ಬರಲಿ. ಆಯಾಗೊಂದು ಜೊತೆ, ಅಳತೆ ತೆಗೆದು ಕೊಡಬೇಕು ಅಂತ ಕಾಗದ ಬಂತು. ಆಯಾಗಳ ನಡಿಗೆಯ ಬಗ್ಗೆ ಉಗ್ರಾಣದವನು ಬರೆದುಕೊಂಡದ್ದನ್ನೆಲ್ಲ ಹೊಸ ಚಪ್ಪಲಿ ಬರುವವರೆಗೆ ಲೆಕ್ಕಕ್ಕೆ ಹಿಡಿಯಬಾರದು ಅಂತ ಸಿಸ್ಟರೇ ಒಂದು ಸಾಲು ಸೇರಿಸಿದರು. ನಲವತ್ತೆರಡು ಜೊತೆ ಅಂದಾಕ್ಷಣ ಅಳಿಯನ ಮುಖವೂ ಅರಳಿತು, ನಮ್ಮ ಅಕ್ಕನ ಕಣ್ಣು ಅಂದರೆ ಕಣ್ಣು ಅಂತ ಗಿರಾಕಿಗಳ ಮುಂದೆ ಹೇಳತೊಡಗಿದ. ಪಾದದಕ್ಕ ಆ ಮಾತಿಗೆ ಸೊಪ್ಪು ಹಾಕಲಿಲ್ಲ.

ಅಳತೆಗೆ ಆಕೆ ಆಸ್ಪತ್ರೆಗೇ ಹೋದಳು. ಒಂದೊಂದು ಪಾಳಿಯೂ ಮುಗಿಯುವ ಹೊತ್ತು, ಅಂದರೆ ಕಾಲು ದುಡಿದು ಅಗಲವಾಗಿರುವ ಹೊತ್ತು ನೋಡಿಕೊಂಡು ಹೋದಳು. ಬೆಳಿಗ್ಗೆ ಎದ್ದ ಕಾಲಿಗೆ ಅಳೆದ ಚಪ್ಪಲಿ ಸಂಜೆಗೆ ಬಿಗಿಯುತ್ತದೆ. ಆಯಾಗಳ ಕೋಣೆಯ ನೆಲದ ಮೇಲೆ ದೊಡ್ಡ ಕಾಗದ ಹಾಸಿ, ಎರಡೂ ಪಾದ ಊರಿಸಿ, ಪೆನ್ಸಿಲು ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆದಳು. ಯಾವ ನಂಬರು ಅಂತ ಕೇಳಿದರೆ ಎಲ್ಲರೂ ಏಳು ಅಂದರು. ಕಾಗದದ ಮೇಲೆ ಬಂದದ್ದು ನಾಲ್ಕು, ಐದು, ಆರು, ಒಬ್ಬಳದು ಎಂಟು. ಆ ಎಂಟರವಳು ವರ್ಷಗಟ್ಟಲೆ ಹಿಮ್ಮಡಿಯನ್ನು ಚಪ್ಪಲಿಯಿಂದಾಚೆ ಬಿಟ್ಟುಕೊಂಡೇ ನಡೆದಿದ್ದಳು. ಬಿರುಕು ಬಿಟ್ಟ ಹಿಮ್ಮಡಿ, ಗಂಟುಗಟ್ಟಿದ ಬೆರಳು, ಸೀಳಿದ ಸಂದು, ಒಂದಾದ ಮೇಲೊಂದು ಕಾಗದದ ಮೇಲೆ ಬಂದು ನಿಂತವು. ಹೆಂಗಸರು ನಗುನಗುತ್ತಾ ಕಚಗುಳಿ ಆಗುತ್ತೆ ಅಂತ ಕಿರುಚುತ್ತಿದ್ದರು. ಪಾದದಕ್ಕ ತಲೆ ಎತ್ತದೆ ಗೆರೆ ಎಳೆಯುತ್ತಿದ್ದಳು, ಎತ್ತಿದರೆ ತನ್ನ ಮುಖ ಅವರಿಗೆ ಕಂಡುಬಿಡುತ್ತದೆ ಅಂತ.

ಕೊನೆಗೆ ನಾದಿನಿ ಬಂದಳು. ಹೊಸ ಕಾಗದದ ಮೇಲೆ ಬರಿಗಾಲಲ್ಲಿ ನಿಂತಳು. ಸುತ್ತ ಗೆರೆ ಎಳೆದರೆ ಐದನೇ ನಂಬರು. ಐದರ ಕಾಲಿಗೆ ಹನ್ನೊಂದು ವರ್ಷ ಏಳರ ಚಪ್ಪಲಿ! ಆದರೆ ಬೆರಳ ತುದಿ ಗೆರೆಗೆ ಸರಿಯಾಗಿ ಕೂರುತ್ತಿರಲಿಲ್ಲ. ಪಾದದಕ್ಕ ಪೆನ್ಸಿಲು ತೆಗೆದು ನೋಡಿದಳು. ಬೆರಳುಗಳೆಲ್ಲ ಕೆಳಕ್ಕೆ ಮಡಚಿಕೊಂಡು ಕಾಗದವನ್ನು ಕಚ್ಚಿ ಹಿಡಿದಿದ್ದವು, ಕಳಚಿಕೊಳ್ಳುವ ಚಪ್ಪಲಿಯನ್ನು ಹಿಡಿಯುವ ಹಾಗೆ.

"ಚಪ್ಪಲಿ ಹಾಕಿಲ್ಲ ಕಣೇ ಈಗ. ಬೆರಳು ಸಡಿಲ ಬಿಡು," ಅಂದಳು.

ನಾದಿನಿ ಬಗ್ಗಿ ತನ್ನ ಕಾಲನ್ನೇ ನೋಡಿಕೊಂಡಳು.

"ಬಿಟ್ಟೇ ಇದ್ದೀನಲ್ಲ ಅತ್ತಿಗೆ."